ತಿಂಗಳಿಗೆ ಐನೂರು: ಬ್ಯಾಂಕೋ, ಅಂಚೆ ಕಚೇರಿಯೋ

ಯಶವಂತನಗರದಲ್ಲಿ ಅದಿರು ಲಾರಿಗಳ ತೂಕದ ಚೀಟಿ ಬರೆಯುವ ಕೆಲಸ ನನ್ನದು. ಎರಡು ಸಾವಿರದ ಏಳರಲ್ಲಿ ಸಂಬಳ ಐನೂರು ಹೆಚ್ಚಾಯಿತು. ಆ ಐನೂರನ್ನು ಪ್ರತಿ ತಿಂಗಳು ಐದು ವರ್ಷ ಕೂಡಿಡಬೇಕೆಂದುಕೊಂಡೆ.

ನಮ್ಮ ಚಿಕ್ಕಮ್ಮ ಅಂಚೆ ಕಚೇರಿಯ ಆರ್.ಡಿ. ಏಜೆಂಟ್. ಹೊಸಪೇಟೆಯಿಂದ ತಿಂಗಳಿಗೊಂದು ಭಾನುವಾರ ಬಸ್ಸಿಗೆ ಬಂದು ನಮ್ಮ ಓಣಿಯ ಮನೆಗಳಲ್ಲಿ ದುಡ್ಡು ಕೂಡಿಸಿಕೊಂಡು ಹೋಗುತ್ತಿದ್ದರು. ಅವರ ಸಂಸಾರ ನಡೆಯುತ್ತಿದ್ದುದೇ ಆ ಕಮಿಷನ್ನಿನಲ್ಲಿ. ಅವರಲ್ಲೇ ಖಾತೆ ತೆರೆಯುತ್ತೇನೆಂದು ಎಲ್ಲರೂ ತಿಳಿದಿದ್ದರು, ನಾನೂ.

ಅಷ್ಟರಲ್ಲಿ ಸಂಡೂರಿಗೆ ಹೋದಾಗ ಬ್ಯಾಂಕಿನ ಗೋಡೆಯ ಮೇಲೆ ಬಡ್ಡಿ ದರದ ಪಟ್ಟಿ ಕಂಡಿತು. ಐದು ವರ್ಷದ ಆರ್.ಡಿ.ಗೆ ಎಂಟೂವರೆ. ಅಂಚೆಯದು ಏಳೂವರೆ ಎಂದು ಗೊತ್ತಿತ್ತು. ಕೌಂಟರಿನಲ್ಲಿದ್ದವರು ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಟ್ಟರು: ಐನೂರರಂತೆ ಅರವತ್ತು ಕಂತು ಕಟ್ಟಿದರೆ ಮೂವತ್ತೇಳು ಸಾವಿರದ ನಾಲ್ಕುನೂರ ಇಪ್ಪತ್ತೈದು.

ಭಾನುವಾರ ಚಿಕ್ಕಮ್ಮನ ಮುಂದೆ ಆ ಚೀಟಿ ಇಟ್ಟೆ. ಅವರು ಚೀಲದಿಂದ ಅಂಚೆಯ ಕಾರ್ಡು ತೆಗೆದರು. ತಿಂಗಳಿಗೆ ಹತ್ತು ರೂಪಾಯಿ ಕಟ್ಟಿದರೆ ಕೊನೆಗೆ ಏಳುನೂರ ಇಪ್ಪತ್ತೆಂಟು ರೂಪಾಯಿ ತೊಂಬತ್ತು ಪೈಸೆ ಎಂದು ಅದರಲ್ಲಿತ್ತು. ಐವತ್ತರಿಂದ ಗುಣಿಸಿದರು. ಮೂವತ್ತಾರು ಸಾವಿರದ ನಾಲ್ಕುನೂರ ನಲವತ್ತೈದು.

“ಒಂಬೈನೂರ ಎಂಬತ್ತು ಫರಕ್ ಐತಿ. ಬ್ಯಾಂಕಿನಾಗ ಇಡು,” ಅಂದರು.

“ಹಂಗಾದ್ರ ನಿಮ್ಮ ಕಮಿಷನ್ ಹೋಗ್ತದಲ್ರಿ?”

“ನೂರಕ್ಕ ನಾಕು. ತಿಂಗಳಿಗೆ ಇಪ್ಪತ್ತು.”

ಐದು ವರ್ಷಕ್ಕೆ ಸಾವಿರದ ಇನ್ನೂರು. ನನಗೆ ಸಿಗುವ ಹೆಚ್ಚಿನ ಬಡ್ಡಿಗಿಂತ ಅವರು ಕಳೆದುಕೊಳ್ಳುವುದೇ ಜಾಸ್ತಿ.

“ಬ್ಯಾಡ್ರಿ ಚಿಕ್ಕಮ್ಮ, ನಿಮ್ಮಲ್ಲೇ ಕಟ್ತೀನಿ.”

“ನನ್ನ ಸಲುವಾಗಿ ಕಟ್ಟಬ್ಯಾಡ. ಆದ್ರ ತಿಂಗಳಾ ತಿಂಗಳಾ ಸಂಡೂರಿಗೆ ಹೋದ್ರ ಅರ್ಧ ದಿನದ ಪಗಾರ ಹೋಗ್ತದ, ಆ ಫರಕ್ ಉಳಿಯಂಗಿಲ್ಲ. ಉಳಿತಾಯ ಖಾತೆಯಾಗ ಮೂರು ತಿಂಗಳಿನದು ಒಮ್ಮೆ ಹಾಕಿಡು. ಅದರಿಂದ ಬ್ಯಾಂಕಿನವ್ರೇ ಕಂತು ಹಿಡಕೊಳ್ಳಲಿ.” ಕಾರ್ಡನ್ನು ಚೀಲದಲ್ಲಿ ಇಟ್ಟುಕೊಂಡರು. “ಬ್ಯಾರೆ ಮನಿಯವ್ರು ಕೇಳಿದ್ರೂ ಇದನ್ನೇ ಹೇಳ್ತಿದ್ದೆ. ನೀ ನನ್ನ ಕೇಳ್ದೆ ಬ್ಯಾಂಕಿಗೆ ಹೋಗಿ ಬಂದಿ, ಅದೊಂದು ಸರಿ ಅನಿಸ್ಲಿಲ್ಲ.”

ಚಹಾ ಕುಡಿಯದೆ ಎದ್ದು ಹೋದರು.

ಅವರು ಹೇಳಿದಂತೆಯೇ ಬ್ಯಾಂಕಿನಲ್ಲಿ ಖಾತೆ ತೆರೆದೆ. ಎರಡು ತಿಂಗಳು ಮಾತ್ರ ಖಾತೆಯಲ್ಲಿ ದುಡ್ಡು ಸಾಲದೆ ಕಂತು ತಪ್ಪಿತು. ತಲಾ ಏಳೂವರೆ ರೂಪಾಯಿ ದಂಡ ಬಿತ್ತು. ಐದು ವರ್ಷಕ್ಕೆ ಅದನ್ನು ಕಳೆದು ಕೈಗೆ ಬಂದದ್ದು ಮೂವತ್ತೇಳು ಸಾವಿರದ ನಾಲ್ಕುನೂರ ಹತ್ತು.

ಖಾತೆ ತೆರೆದ ಹೊಸದರಲ್ಲಿ ಚಿಕ್ಕಮ್ಮ ಓಣಿಗೆ ಬರುತ್ತಿದ್ದರೂ ನಮ್ಮ ಮನೆಗೆ ಮೂರು ತಿಂಗಳು ಬರಲಿಲ್ಲ. ನಾಲ್ಕನೆಯ ತಿಂಗಳ ಭಾನುವಾರ ಪಕ್ಕದ ಮನೆಯಿಂದ ಹೊರಬಂದಾಗ ನಾನೇ ಹೋಗಿ ಕೈ ಹಿಡಿದೆ.

“ತಪ್ಪಾತ್ರಿ. ಊಟಕ್ಕ ಬರ್ರಿ.”

“ಊಟಕ್ಕ ಏನು ಮಾಡೀದಿ?” ಎಂದು ಕೇಳುತ್ತಾ ಒಳಗೆ ಬಂದರು.