ಅತ್ತೆಯ ಗಂಟಲು, ನಾನು ಮುರಿದ ಹರಕೆ

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಕುರುಗೋಡಿನ ತವರಿನಲ್ಲೂ ಬೈಸಿಕೊಂಡಿದ್ದೆ, ಸಿರುಗುಪ್ಪದ ಗಂಡನ ಮನೆಯಲ್ಲೂ ಬೈಸಿಕೊಂಡೆ. ಆದರೂ ಅತ್ತೆಯ ಒಂದು ಗುಟ್ಟನ್ನು ಮೂರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ಎರಡನೆಯ ಮಹಾಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಹತ್ತಿರದ ಕರೂರಿಗೆ ಕೊಟ್ಟಿದ್ದ ಅತ್ತೆಯ ತಂಗಿ ಗಂಟಲ ಹುಣ್ಣಿನಿಂದ ತೀರಿಕೊಂಡಿದ್ದಳು. ಕೆಲವೇ ದಿನಕ್ಕೆ ಅತ್ತೆಗೂ ಗಂಟಲಲ್ಲಿ ಏನೋ ಕೂತಂತಾಯಿತು. ನೋವಿಲ್ಲ, ಕೆಮ್ಮಿಲ್ಲ. "ಹುಣಸೀಬೀಜ ಸಿಕ್ಕಂಗ ಐತಿ. ಮ್ಯಾಲೂ ಬರಂಗಿಲ್ಲ, ಕೆಳಗೂ ಹೋಗಂಗಿಲ್ಲ" ಎನ್ನುತ್ತ ಹಗಲೆಲ್ಲ ಉಗುಳು ನುಂಗಿ ನೋಡುತ್ತಿದ್ದರು. ತಂಗಿಯ ರೋಗವೇ ತನಗೂ ಬಂತೆಂದು ಹೆದರಿ ದೇವಿಗೆ ಹರಕೆ ಹೊತ್ತರು: ಗಂಟಲು ತಿಳಿಯಾಗುವವರೆಗೆ ಹೊತ್ತು ಮುಳುಗಿದ ಮೇಲೆ ಒಂದೇ ಊಟ. ಹರಕೆಯನ್ನು ಬಾಯಿಬಿಟ್ಟರೆ ಫಲ ಹೋಗುತ್ತದೆ. ಬಡಿಸುವವಳು ನಾನಾದ್ದರಿಂದ ನನಗೆ ಗೊತ್ತಾಯಿತು. ಗಂಡಸರು ಹೊಲಕ್ಕೆ ಹೋಗಿರುತ್ತಿದ್ದರು, ಅವರಿಗೇನು ತಿಳಿಯಬೇಕು?

ಮೂರು ತಿಂಗಳಿಗೆ ಅತ್ತೆಯ ಕೈಬಳೆ ಮೊಣಕೈವರೆಗೆ ಜಾರತೊಡಗಿತು. ನನ್ನ ಗಂಡ ಗಾಬರಿಯಾಗಿ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋದರು. ಕೌಲ್ ಬಜಾರದ ಪರಿಚಯದವರೊಬ್ಬರು ದೊಡ್ಡ ಆಸ್ಪತ್ರೆಯ ಗಂಟಲು ಡಾಕ್ಟರಲ್ಲಿಗೆ ದಾರಿ ತೋರಿಸಿದರು.

ಡಾಕ್ಟರು ವಯಸ್ಸಾದವರು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಕುತ್ತಿಗೆಯನ್ನು ಎರಡೂ ಕಡೆ ಒತ್ತಿ ನೋಡಿದರು. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು, ಕಡ್ಡಿಗೆ ಕೂಡಿಸಿದ ಪುಟ್ಟ ಕನ್ನಡಿಯನ್ನು ದೀಪಕ್ಕೆ ಬೆಚ್ಚಗೆ ಮಾಡಿ ಒಳಗಿಟ್ಟು "'ಈ...' ಅಂತ ಅನ್ನಮ್ಮಾ" ಎಂದರು.

"ಕಾಣೋ ಮಟ್ಟಿಗೆ ಏನೂ ಇಲ್ಲ. ರೊಟ್ಟಿ ನುಂಗುವಾಗ ಸಿಗತದೇನು?"

"ಇಲ್ರಿ. ಉಣ್ಣುವಾಗ ಅದು ಇರೂದಽ ಇಲ್ಲ. ಬರೇ ಉಗುಳು ನುಂಗಿದ್ರ ಐತಿ."

ಡಾಕ್ಟರ ಮುಖ ಹಗುರಾಯಿತು. ಅಷ್ಟರಲ್ಲಿ ನನ್ನ ಗಂಡ, "ಅವ್ವ ಭಾಳ ಇಳಿದಾಳ್ರೀ. ಅರ್ಧ ಆಗ್ಯಾಳ" ಎಂದರು. ಡಾಕ್ಟರು ಕುರ್ಚಿಯಲ್ಲಿ ಕೂತವರು ಮತ್ತೆ ಎದ್ದರು. ಕನ್ನಡಿಗೆ ಕಾಣದಷ್ಟು ಕೆಳಗೆ ಏನಾದರೂ ಇರಬಹುದು, ಮದ್ರಾಸಿಗೆ ಕಳಿಸಿ ಕೊಳವೆ ಹಾಕಿಸಿ ನೋಡಬೇಕಾದೀತು ಎಂದರು.  ಆದರೂ ಅತ್ತೆ ಹರಕೆಯ ಮಾತೆತ್ತಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಬಾಯಿ ಮುಚ್ಚಿಕೊಂಡಿರು ಎಂಬ ತಾಕೀತಿತ್ತು.

ಪರಗಂಡಸಿನ ಮುಂದೆ ನಾನು ಮಾತಾಡುವ ಹಾಗಿರಲಿಲ್ಲ. ಸೆರಗು ಹಿಡಿದುಕೊಂಡೇ, "ಅತ್ತಿ ಉಣ್ಣೂದಽ ಒಂದು ಹೊತ್ತ್ರಿ. ಹರಕಿ ಐತ್ರಿ" ಎಂದುಬಿಟ್ಟೆ.

ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಡಾಕ್ಟರು ನಿಟ್ಟುಸಿರಿಟ್ಟು, ನಮ್ಮ ಬುತ್ತಿ ಬಿಚ್ಚಿಸಿ ಎದುರಿಗೇ ಒಂದು ರೊಟ್ಟಿ ತಿನ್ನಿಸಿದರು. ಸರಾಗವಾಗಿ ಇಳಿಯಿತು. ಗಂಟಲ ಸ್ನಾಯು ಬಿಗಿದರೆ ಹೀಗಾಗುತ್ತದೆ, ಚಿಂತೆಯಿಂದ, ಹೊಟ್ಟೆಯ ಹುಳಿ ಮೇಲೆ ಬರುವುದರಿಂದ. ಉಗುಳು ನುಂಗಿ ಪರೀಕ್ಷಿಸಿದಷ್ಟೂ ಅದು ಹೆಚ್ಚು ತಿಳಿಯುತ್ತದೆ ಎಂದರು. "ಅನ್ನ ಸಿಕ್ಕರೆ, ನುಂಗಿದರೆ ನೋವಾದರೆ, ದನಿ ಒಡೆದು ವಾರಗಟ್ಟಲೆ ಹಂಗೇ ಉಳಿದರೆ, ಉಗುಳಿನಾಗೆ ರಕ್ತ ಬಂದರೆ, ಕುತ್ತಿಗೀಗೆ ಗಂಟಾದರೆ ಒಂದು ದಿನಾನೂ ನಿಲ್ಲಬೇಡಿ. ಈಗ ಎರಡು ಹೊತ್ತು ಉಣ್ಣಲಿ. ತಿಂಗಳ ಮೇಲೆ ತೂಕ ನೋಡ್ತೀನಿ. ಉಂಡೂ ಇಳಿದರೆ ಮದ್ರಾಸೇ."

ಊರಿಗೆ ಬಂದ ಮೇಲೆ ಅತ್ತೆ ಎರಡು ದಿನ ನನ್ನ ಕೈಯಿಂದ ನೀರೂ ಮುಟ್ಟಲಿಲ್ಲ. ಮೂರನೆಯ ದಿನ ನನಗೂ ಸಿಟ್ಟು ನೆತ್ತಿಗೇರಿತು. ತಟ್ಟೆ ಮುಂದಿಟ್ಟು, "ಹರಕಿ ಮುರಿದಾಕಿ ನಾನು. ಪಾಪ ಬಂದ್ರ ನನಗ ಬರ್ಲಿ. ನೀವು ಉಣ್ರಿ" ಎಂದೆ.

"ಹರಕೀಗೆ ಅಲ್ಲಲೇ ನಾನು ಅಂಜೂದು" ಎಂದರು ಅತ್ತೆ. ಕಣ್ಣು ತುಂಬಿತ್ತು. "ನನ್ನ ತಂಗೀನೂ ಹಿಂಗಽ ಇಳಿದಳು. ಆಕಿ ಗಂಡ ದವಾಖಾನಿಗೆ ಕರಕೊಂಡು ಹೋಗಾಕ ಗಾಡಿ ಕಟ್ಟಿದ್ದ. ಉಪಾಸ ಮಾಡತಾಳ, ಅದಕ್ಕ ಇಳಿದಾಳ ಅಂತ ನಾನಽ ಗಾಡಿ ಬಿಡಿಸಿದೆ. ಆಕಿಗೆ ಅನ್ನಾನಽ ಇಳೀತಿರಲಿಲ್ಲ. ಉಪಾಸ ಅಂತ ಮುಚ್ಚಿಟ್ಟಿದ್ದಳು."

 ಬಳ್ಳಾರಿಯಲ್ಲಿ ನಾನು ಹೇಳಿದ್ದೂ ಅದೇ ಮಾತಾಗಿತ್ತು. ರೊಟ್ಟಿ ಮುರಿದು ಅವರ ಕೈಗಿಟ್ಟು, ಪ್ರತಿ ತುತ್ತು ಇಳಿಯುವುದನ್ನು ಕಣ್ಣು ಪಿಳುಕಿಸದೆ ನೋಡುತ್ತ ಕೂತೆ. ಆ ತಿಂಗಳೆಲ್ಲ ಎರಡು ಹೊತ್ತೂ ಹಾಗೆಯೇ ಕೂತೆ. ತೂಕ ಏರಿದೆ ಎಂದು ಡಾಕ್ಟರು ಹೇಳಿದಾಗ ನಾನು ಅತ್ತುಬಿಟ್ಟೆ, ಅತ್ತೆ ಅಳಲಿಲ್ಲ. "ನನ್ನ ತಂಗೀಗೆ ಹಿಂಗ ಯಾರೂ ಕೂತು ನೋಡಲಿಲ್ಲ" ಎಂದಷ್ಟೇ ಅಂದರು.