ಪಂಪು, ಬ್ಯಾಟರಿ ಮತ್ತು ಒಂದೇ ಒಂದು ಮೊತ್ತ

ಪೀಣ್ಯದ ಆ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನಾನಿದ್ದಾಗ ನಮಗೆ ಎರಡು ವ್ಯಾಪಾರಗಳಿದ್ದವು. ಪೀಣ್ಯದಲ್ಲಿ ಪಂಪು ತಯಾರಾಗುತ್ತಿತ್ತು, ಊರಾಚೆ ಹೊಸದಾಗಿ ಕಟ್ಟಿದ ಘಟಕದಲ್ಲಿ ಬ್ಯಾಟರಿ. ಬ್ಯಾಟರಿ ನಮ್ಮ ಎಂಡಿಯವರ ಕನಸು. ಶೇರು ಮಾರುಕಟ್ಟೆಯಲ್ಲಿದ್ದ ಕಂಪನಿಯಾದ್ದರಿಂದ ಪ್ರತಿ ತ್ರೈಮಾಸಿಕದ ಫಲಿತಾಂಶ ಪತ್ರಿಕೆಯಲ್ಲಿ ಅಚ್ಚಾಗಬೇಕಿತ್ತು.

ಪಂಪು ಕಾರ್ಖಾನೆಯ ಮುಖ್ಯಸ್ಥರು ಹಾವೇರಿ ಕಡೆಯವರು. ವರ್ಷಗಳಿಂದ ಕೂಡಿಸಿದ್ದರಲ್ಲಿ ಕಂಪನಿಯ ಶೇರುಗಳನ್ನೇ ಕೊಂಡಿಟ್ಟಿದ್ದರು. ಒಂದು ಬೆಳಿಗ್ಗೆ ಪತ್ರಿಕೆ ಹಿಡಿದು ನನ್ನ ಮೇಜಿಗೆ ಬಂದರು.

"ಏನ್ರೀ ಮೇಡಂ, ಲಾಭ ಮತ್ತ ಏರೈತಿ. ಹಂಗಾರ ನಮ್ಮ ಟೆಸ್ಟಿಂಗ್ ಮಷಿನ್ ಯಾಕ ಬರವಲ್ದು?"

ಅವರು ನೋಡಿದ್ದು ಮೇಲಿನ ಒಟ್ಟು ಲಾಭವನ್ನು. ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ವಿಭಾಗವಾರು ಫಲಿತಾಂಶದ ಪಟ್ಟಿಯಿತ್ತು. ಅಚ್ಚಾದ ಮೇಲೆ ಅದು ಎಲ್ಲರ ಸ್ವತ್ತು, ತೋರಿಸಲು ನನಗೆ ಅಡ್ಡಿಯಿರಲಿಲ್ಲ. ಪಂಪಿನ ಲಾಭ ಒಂದು ಸಾಲು, ಬ್ಯಾಟರಿಯ ನಷ್ಟ ಇನ್ನೊಂದು. ಪಂಪಿನ ಲಾಭ ಜೋರಾಗಿ ಬೆಳೆದಿತ್ತು, ಬ್ಯಾಟರಿಯ ನಷ್ಟ ಅದರ ಬೆನ್ನಿಗೇ ಬೆಳೆಯುತ್ತಿತ್ತು. ಎರಡನ್ನೂ ಕೂಡಿದರೆ ಉಳಿಯುತ್ತಿದ್ದುದು ಚೂರು ಏರಿಕೆ ಮಾತ್ರ. ಅದರ ಕೆಳಗೆ ಯಾವ ವಿಭಾಗದಲ್ಲಿ ಎಷ್ಟು ಬಂಡವಾಳ ತೊಡಗಿಸಲಾಗಿದೆ ಎಂಬ ಲೆಕ್ಕ. ಮುಕ್ಕಾಲು ಪಾಲು ಬ್ಯಾಟರಿಯಲ್ಲೇ ಇತ್ತು.

ಅವರು ಬಹಳ ಹೊತ್ತು ಓದಿದರು. "ಅಂದ್ರ ನಾವು ದುಡಿಯೂದು, ಅದು ತಿನ್ನೂದು," ಎಂದರು. ಮಷಿನ್ ಮಾತು ಮತ್ತೆ ಎತ್ತಲಿಲ್ಲ.

ನಿವೃತ್ತರಾದ ಮೇಲೆ ಅವರು ಶೇರುದಾರರ ವಾರ್ಷಿಕ ಸಭೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಮೈಕು ಸಿಕ್ಕಾಗ ಎದ್ದು ನಿಂತರು. "ಸರ್, ಬ್ಯಾಟರಿ ಘಟಕ ಯಾವಾಗ ತನ್ನ ಕಾಲ ಮ್ಯಾಲ ನಿಲ್ತೈತಿ?" ಎಂದು ಕೇಳಿದರು.

ಎಂಡಿ ನಕ್ಕರು. "ನೀವು ನಮ್ಮ ಮನೆಯವರು. ಕಂಪನೀನ ಬಿಡಿಬಿಡಿಯಾಗಿ ನೋಡ್ಬೇಡಿ, ಒಟ್ಟಾಗಿ ನೋಡಿ."

ಚಪ್ಪಾಳೆ ಬಿತ್ತು. ಲೆಕ್ಕಪತ್ರಗಳು ಅಂಗೀಕಾರವಾದವು. ಅರ್ಧಕ್ಕಿಂತ ಹೆಚ್ಚು ಶೇರು ಎಂಡಿಯವರ ಕುಟುಂಬದಲ್ಲೇ ಇದ್ದ ಮೇಲೆ ಬೇರೇನಾಗಬೇಕಿತ್ತು?

ಅಷ್ಟರಲ್ಲಿ ಹೊಸ ಲೆಕ್ಕಪತ್ರ ಮಾನದಂಡ ಜಾರಿಗೆ ಬಂತು. ನಿರ್ಧಾರ ಮಾಡುವ ಮುಖ್ಯಸ್ಥರು ಕಂಪನಿಯನ್ನು ಒಳಗೆ ಹೇಗೆ ವಿಂಗಡಿಸಿ ಪರಿಶೀಲಿಸುತ್ತಾರೋ ಹೊರಗಿನವರಿಗೂ ಹಾಗೇ ತೋರಿಸಬೇಕು ಎಂಬುದು ಅದರ ತಿರುಳು. ಓದಿದಾಗ ನನಗೆ ಖುಷಿಯೇ ಆಗಿತ್ತು. ಪಂಪು, ಬ್ಯಾಟರಿಗಳ ಪ್ರತ್ಯೇಕ ವರದಿಯನ್ನು ಪ್ರತಿ ತಿಂಗಳು ಎಂಡಿಯವರಿಗೆ ಕಳಿಸುತ್ತಿದ್ದವಳು ನಾನೇ.

ಒಂದು ಮಧ್ಯಾಹ್ನ ನಮ್ಮ ಹಣಕಾಸು ಮುಖ್ಯಸ್ಥರು ಕರೆದರು. "ಆ ತಿಂಗಳ ವರದಿ ಇನ್ಮೇಲೆ ಬೇಡಮ್ಮ. ಸಾಹೇಬ್ರು ಒಟ್ಟು ಲೆಕ್ಕ ಮಾತ್ರ ನೋಡ್ತಾರಂತೆ."

"ಸಾರ್, ಬಿಡಿಸಿ ನೋಡದೆ ಯಾವುದಕ್ಕೆ ಎಷ್ಟು ಹಣ ಹಾಕಬೇಕು ಅಂತ ಹೇಗೆ ನಿರ್ಧಾರ ಮಾಡ್ತಾರೆ?"

ಅವರು ಕಿಟಕಿಯತ್ತ ನೋಡಿದರು. "ನಾನು ಕೇಳಿಲ್ವಾ ಅಂದ್ಕೊಂಡ್ಯಾ?"

ಎಂಡಿ ಒಟ್ಟಾಗಿಯೇ ನೋಡುವುದಾದರೆ ಹೊಸ ಮಾನದಂಡದ ಪ್ರಕಾರ ಕಂಪನಿಗೆ ಒಂದೇ ವಿಭಾಗ, ಬಿಡಿ ಪಟ್ಟಿ ತೋರಿಸಬೇಕಿಲ್ಲ. ಆಡಿಟರ್‌ ಕಡೆಯ ಹುಡುಗಿಗೆ ಹಳೆಯ ವರದಿಗಳನ್ನು ತೋರಿಸಿದೆ. ಅವಳು ಎಲ್ಲವನ್ನೂ ತನ್ನ ಹಿರಿಯರಿಗೆ ಕೊಟ್ಟಳು. ಅವರು ಎಂಡಿಯವರ ಜೊತೆ ಒಂದು ಗಂಟೆ ಕೂತು, ಒಟ್ಟು ಲೆಕ್ಕ ಮಾತ್ರ ನೋಡುತ್ತೇನೆ ಎಂಬ ಲಿಖಿತ ಹೇಳಿಕೆ ಪಡೆದು ಸಹಿ ಹಾಕಿದರು. ವಾರ್ಷಿಕ ವರದಿಯಲ್ಲಿ ಯಾವ ಉತ್ಪನ್ನದ ಮಾರಾಟ ಎಷ್ಟು ಎಂಬುದು ಉಳಿಯಿತು. ಯಾವುದರಿಂದ ಲಾಭ, ಯಾವುದರಿಂದ ನಷ್ಟ ಎಂಬುದು ಮಾಯವಾಯಿತು. ಬ್ಯಾಟರಿಯ ಮಾರಾಟ ಏರುತ್ತಲೇ ಇತ್ತು, ಓದಿದವರಿಗೆ ಅದು ಒಳ್ಳೆಯ ಸುದ್ದಿ.

ಮರುವರ್ಷ ಟಿ. ದಾಸರಹಳ್ಳಿಯ ತರಕಾರಿ ಅಂಗಡಿಯ ಮುಂದೆ ಪಂಪು ಕಾರ್ಖಾನೆಯ ಆ ಹಳೆಯ ಮುಖ್ಯಸ್ಥರು ಸಿಕ್ಕರು. ಚೀಲದಲ್ಲಿ ಸೊಪ್ಪು, ಪಕ್ಕದಲ್ಲಿ ಹೆಂಡತಿ.

"ಮೇಡಂ, ಈ ಸಲ ಕಂಪನಿ ವರದಿ ಪುಸ್ತಕ ಪೂರಾ ತಿರುವಿ ಹಾಕ್ದೆ. ಆ ಪಟ್ಟಿ ಸಿಗಲೇ ಇಲ್ಲ."

"ಈಗ ಒಂದೇ ವಿಭಾಗ ಸಾರ್."

"ಹಂಗಾರ ಬ್ಯಾಟರಿ ಸುಧಾರಿಸೇತೇನು? ಶೇರು ಇಟ್ಕೊಳ್ಳಲ್ಯೋ, ಮಾರ್ಲ್ಯೋ?"

ಲೆಕ್ಕ ಬರೆಯುವವಳಿಗೆ ಒಳಗಿನದು ಗೊತ್ತೇ ಇರುತ್ತದೆ. ಪ್ರಕಟವಾಗದ್ದನ್ನು ಹೊರಗೆ ಹೇಳುವುದು ಕಾನೂನಿಗೆ ವಿರುದ್ಧ. ಹೌದು ಎಂದರೂ ಹೇಳಿದಂತೆ, ಇಲ್ಲ ಎಂದರೂ ಹೇಳಿದಂತೆ.

"ಅದೊಂದನ್ನ ಮಾತ್ರ ನನ್ನ ಕೇಳ್ಬೇಡಿ ಸಾರ್."

ನನ್ನ ಮುಖ ನೋಡಿದರು. ಏನೋ ಹೊಳೆಯಲಿ ಎಂದು ಆಸೆಪಟ್ಟೆ, ಹೊಳೆಯಿತೇನೋ ಎಂದು ಹೆದರಿದೆ. ಅವರು ಮೆತ್ತಗೆ, "ತಪ್ಪಾತು, ಕೇಳಬಾರದಿತ್ತು," ಎಂದು ನನ್ನ ಮಗಳ ಓದಿನ ವಿಚಾರ ತೆಗೆದರು.

ಎರಡು ವರ್ಷದ ನಂತರ ಬ್ಯಾಟರಿ ಘಟಕದ ಮೌಲ್ಯವನ್ನು ಲೆಕ್ಕಪುಸ್ತಕದಲ್ಲಿ ಒಂದೇ ಏಟಿಗೆ ಇಳಿಸಿ, ಅಷ್ಟನ್ನೂ ನಷ್ಟವೆಂದು ತೋರಿಸಬೇಕಾಯಿತು. ಕಂಪನಿಗೆ ಅನಿರೀಕ್ಷಿತ ನಷ್ಟ ಎಂದು ಪತ್ರಿಕೆಗಳು ಬರೆದವು. ಶೇರು ನೆಲ ಕಚ್ಚಿತು. ಬ್ಯಾಂಕಿನ ಸಾಲ ತೀರಿಸಲು ಪಂಪಿನ ಕಾರ್ಖಾನೆಯನ್ನು ಬೇರೆಯವರಿಗೆ ಮಾರಿದರು.

ಪಂಪಿನ ಹಳೆಯ ಮುಖ್ಯಸ್ಥರು ತಮ್ಮ ಶೇರು ಮಾರಿರಲಿಲ್ಲ. ಫೋನಿನಲ್ಲಿ ಅವರ ಹೆಂಡತಿಯೇ ಹೇಳಿದರು: "ಪಂಪು ಚಲೋ ನಡ್ಯಾಕತ್ತಾವ, ಕಂಪನಿ ಹೆಂಗ ಮುಳುಗ್ತೈತಿ ಅಂತಿದ್ರವ್ವಾ." ಪಂಪು ಚೆನ್ನಾಗಿಯೇ ನಡೆಯುತ್ತಿತ್ತು. ನಾನು ಹೂಂ ಅಂದೆ.