ಬಸ್ಸಿನ ಮೂತಿ ಕತ್ತರಿಸಿದವರು

೧೯೯೮ರಲ್ಲಿ ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟು ಹೊನ್ನಾಳಿಯಲ್ಲಿ ಬೋರ್ಡ್ ಬರೆಯುವ ಕೆಲಸಕ್ಕೆ ಕೂತೆ. ಬಸ್ಸಿನ ಹಣೆಯ ಮೇಲೆ ಊರುಗಳ ಹೆಸರು ಬರೆದವನು ನಾನು. ಫ್ಲೆಕ್ಸ್ ಬಂದಾಗ ಬ್ರಷ್ ಬಿಟ್ಟು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಾಕೆ ಕಲಿತೆ. ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಒದ್ದಾಡಿ ಕಲಿತಿದ್ದು.

ನನ್ನ ಹಳೇ ದೋಸ್ತನೊಬ್ಬ ಚನ್ನಗಿರಿಯವನು, ಡಿಪ್ಲೊಮಾ ಮಾಡಿದವನು. ಎರಡು ವರ್ಷದ ಹಿಂದೆ ಖಾಸಗಿ ಬಸ್ಸುಗಳ ಟೈಮು ತೋರಿಸುವ ಆ್ಯಪ್ ಬರೆಯುತ್ತಿದ್ದ. ನಾಲ್ಕು ತಾಲೂಕಿನ ಬಸ್ ಮಾಲೀಕರು ಸೇರಿ ಮಾಡಿಸುತ್ತಿದ್ದ ಕೆಲಸ ಅದು. ಐಕಾನ್, ಅಂದರೆ ಆ್ಯಪ್ ತೆರೆಯಲು ಫೋನಿನಲ್ಲಿ ಒತ್ತುವ ಪುಟ್ಟ ಚಿತ್ರ, ನನಗೆ ವಹಿಸಿದ. ನಾನು ಕೇಳಿದ್ದು ಒಂದೇ: ಆ್ಯಪಿನ ಕೊನೆಯ ಪುಟದಲ್ಲಿ ಚಿತ್ರ ಬಿಡಿಸಿದವನೆಂದು ನನ್ನ ಹೆಸರು ಇರಬೇಕು. ಇಷ್ಟು ವರ್ಷ ಮಂದಿಯ ಹೆಸರು ಬರೆದಿದ್ದೆ, ನನ್ನದು ಎಲ್ಲೂ ಇರಲಿಲ್ಲ. ಆಗಲಿ ಅಂದ.

ಮೊದಲ ಸಲ ತಪ್ಪಿದ್ದು ನಾನೇ. ಬೋರ್ಡಿನವರ ಚಾಳಿ ಅದು, ತಗಡಿನಲ್ಲಿ ಜಾಗ ಖಾಲಿ ಬಿಟ್ಟರೆ ಮಾಲೀಕ ದುಡ್ಡು ಕೊಡುವಾಗ ಮುಖ ಸಿಂಡರಿಸುತ್ತಾನೆ. ಹಂಗಾಗಿ ಕೆಂಪು ಬಸ್ಸನ್ನು ಚೌಕದ ಅಂಚಿನಿಂದ ಅಂಚಿಗೆ ತುಂಬಿಸಿದೆ. ದೋಸ್ತ ಅದನ್ನು ಆ್ಯಪಿಗೆ ಸೇರಿಸಿದ, ಫೋನಿಗೆ ಹಾಕಿ ನೋಡಿದರೆ ಬಸ್ಸಿಗೆ ಮೂತಿಯೂ ಇಲ್ಲ, ಹಿಂಭಾಗವೂ ಇಲ್ಲ. ಹೊಟ್ಟೆ ಮಾತ್ರ ಉಳಿದಿತ್ತು.

ಆಮೇಲೆ ಕೂತು ತಿಳಿದುಕೊಂಡೆ. ಐಕಾನ್ ಎರಡು ಪದರದ್ದು: ಹಿಂದೆ ಬಣ್ಣ, ಮುಂದೆ ಚಿತ್ರ. ಎರಡೂ ನೂರೆಂಟು ಅಳತೆಯ ಚೌಕ. ಫೋನು ತೋರಿಸುವುದು ನಡುವಿನ ಎಪ್ಪತ್ತೆರಡನ್ನು ಮಾತ್ರ, ಅದನ್ನೂ ಒಂದೊಂದು ಕಂಪನಿಯ ಫೋನು ಒಂದೊಂದು ಆಕಾರಕ್ಕೆ ಕತ್ತರಿಸುತ್ತದೆ. ಒಂದರಲ್ಲಿ ವೃತ್ತ, ಇನ್ನೊಂದರಲ್ಲಿ ಮೂಲೆ ಉರುಟಾದ ಚೌಕ. ಎಲ್ಲಿಯೂ ಕತ್ತರಿ ಬೀಳದ ಜಾಗವೆಂದರೆ ಸರಿ ನಡುವಿನ ಅರವತ್ತಾರು ಅಳತೆಯ ವೃತ್ತ. ಬಸ್ಸನ್ನು ಅದರೊಳಗೆ ಕೂರಿಸಿದೆ. ಹಿಂದಿನ ಹಳದಿಯನ್ನು ಮಾತ್ರ ಅಂಚಿನವರೆಗೂ ಬಿಟ್ಟೆ. ಚಿತ್ರವನ್ನು ವೆಕ್ಟರ್‌ನಲ್ಲಿ, ಅಂದರೆ ಚುಕ್ಕಿಗಳಲ್ಲಿ ಅಲ್ಲದೆ ಗೆರೆಗಳ ಲೆಕ್ಕದಲ್ಲಿ ಮಾಡಿದೆ. ಎಷ್ಟು ದೊಡ್ಡದು ಮಾಡಿದರೂ ಮಸುಕಾಗದು. ಹೊಸ ಫೋನುಗಳು ವಾಲ್‌ಪೇಪರಿನ ಬಣ್ಣಕ್ಕೆ ಐಕಾನನ್ನೂ ಹೊಂದಿಸುತ್ತವೆ, ಅದಕ್ಕೆಂದು ಬಸ್ಸಿನ ಒಂದೇ ಬಣ್ಣದ ಇನ್ನೊಂದು ಪದರವನ್ನೂ ಸೇರಿಸಿದೆ. ನ್ಯಾಮತಿಯ ಮೊಬೈಲ್ ಅಂಗಡಿಯವನನ್ನು ಕಾಡಿಬೇಡಿ, ಅವನ ಏಳು ಫೋನಿನಲ್ಲಿ ಹಾಕಿ ನೋಡಿಯೇ ಕಳಿಸಿದ್ದು. ದೋಸ್ತ ಸರಿಯಾಗಿದೆ ಅಂತ ಹೆಬ್ಬೆರಳು ಎತ್ತಿದ ಗುರುತು ಕಳಿಸಿದ.

ಜಗಳೂರಿನಲ್ಲಿ ಮಾಲೀಕರ ಮುಂದೆ ತೋರಿಸುವ ದಿನ ನಾನೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಎಲ್ಲರೂ ಆ್ಯಪನ್ನು ತಮ್ಮ ತಮ್ಮ ಫೋನಿಗೆ ಇಳಿಸಿಕೊಂಡರು. ಹಿರಿಯ ಮಾಲೀಕರೊಬ್ಬರು ಕನ್ನಡಕ ಏರಿಸಿ ನೋಡಿ ಹೇಳಿದರು: "ಇದೇನ್ರಿ, ನಮ್ಮ ಗಾಡಿ ಆಕ್ಸಿಡೆಂಟ್ ಆದಂಗೆ ಐತೆ. ಮೂತಿ ಎಲ್ಲಿ ಹೋತು?"

ಎಲ್ಲರೂ ನಕ್ಕರು. ನಾನು ಬಗ್ಗಿ ನೋಡಿದೆ. ನನ್ನ ಮೊದಲಿನ ಕೆಂಪು ಬಸ್ಸು ಅದು, ಅಂಚಿಗೆ ತುಂಬಿದ್ದು. ಹೊಸದನ್ನು ಅವನು ಹಾಕಿಯೇ ಇರಲಿಲ್ಲ.

ದೋಸ್ತ ನನ್ನ ಕಡೆ ನೋಡಲಿಲ್ಲ. "ತಪ್ಪು ತಿಳ್ಕೋಬ್ಯಾಡ್ರಿ ಯಜಮಾನ್ರೇ. ಇವ್ರು ಎಂಟನೇ ಕ್ಲಾಸು. ನಾನು ಎಷ್ಟು ಹೇಳಿದ್ರೂ ಇವ್ರಿಗೆ ಈ ಅಳತೆ ತಲಿಗೆ ಹೋಗಲಿಲ್ಲ" ಅಂದ.

ಹೊಸ ಚಿತ್ರ ನನ್ನ ಫೋನಿನಲ್ಲೇ ಇತ್ತು. ತೆಗೆದು ತೋರಿಸಿದೆ. ಈಗ ಮಾಡ್ಕೊಂಡು ಬಂದೀರೇನೋ ಅಂತ ಒಬ್ಬರು ನಕ್ಕರು. ಎಲ್ಲರ ಮುಂದೆ ದೋಸ್ತನನ್ನು ಸುಳ್ಳ ಅನ್ನಬಾರದೆಂದು ಫೋನನ್ನು ಜೇಬಿಗೆ ಹಾಕಿಕೊಂಡೆ. ಬೇರೆ ಆರ್ಟಿಸ್ಟ್ ಹಿಡೀರಿ ಅಂತ ತೀರ್ಮಾನವಾಯಿತು.

ಹೊರಗೆ ಟೀ ಅಂಗಡಿಯಲ್ಲಿ ಅವನನ್ನು ಹಿಡಿದು, ಯಾಕೆ ಹಿಂಗೆ ಮಾಡಿದೆ ಅಂದೆ. ಅವಸರದಲ್ಲಿ ಹಳೇ ಫೈಲೇ ಉಳಿದುಹೋಗಿತ್ತಂತೆ. ಅದನ್ನು ಅಲ್ಲೇ ಹೇಳಬಹುದಿತ್ತಲ್ಲ ಅಂದದ್ದಕ್ಕೆ ಟೀಗೆ ಊದುತ್ತಾ ಹೇಳಿದ: "ನನ್ನ ತಪ್ಪು ಅಂದ್ರೆ ಇಡೀ ಕೆಲಸನೇ ಹೋಗ್ತಿತ್ತು ಮಾರಾಯ. ನಿಂದು ಅಂದ್ರೆ ಯಾರೂ ಬ್ಯಾಸರ ಮಾಡ್ಕೊಳ್ಳಲ್ಲ. ಓದಿಲ್ಲ ಅಂತ ಬಿಟ್ಟು ಬಿಡ್ತಾರೆ."

ನನ್ನ ಟೀ ಹಂಗೇ ಇಟ್ಟು ಬಸ್ ಹತ್ತಿದೆ.

ತಿಂಗಳಾದ ಮೇಲೆ ಹೊನ್ನಾಳಿಯ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಫೋನಿನಲ್ಲಿ ಆ ಆ್ಯಪ್ ಕಂಡಿತು. ಹಳದಿಯ ಮೇಲೆ ನನ್ನ ಬಸ್ಸು, ವೃತ್ತದೊಳಗೆ ಪೂರ್ತಿಯಾಗಿ ಕೂತಿತ್ತು. ಮುಂದಿನ ಸೀಟಿನ ಹುಡುಗಿಯ ಹೊಸ ಫೋನಿನಲ್ಲಿ ಅದೇ ಬಸ್ಸು ಅವಳ ವಾಲ್‌ಪೇಪರಿನ ಹಸಿರಿಗೆ ತಿರುಗಿತ್ತು. ನನ್ನ ಒಂದು ಗೆರೆಯನ್ನೂ ದೋಸ್ತ ಬದಲಿಸಿರಲಿಲ್ಲ. ಮನೆಗೆ ಬಂದು ಆ್ಯಪ್ ಇಳಿಸಿಕೊಂಡು ಕೊನೆಯ ಪುಟ ತೆಗೆದೆ. ಅವನ ಹೆಸರೊಂದೇ ಇತ್ತು.

ಫೋನ್ ಮಾಡಲಿಲ್ಲ. ಆತ ಈಗಲೂ ಹಬ್ಬಕ್ಕೆ ಶುಭಾಶಯ ಕಳಿಸುತ್ತಾನೆ.

ಈಗ ನನ್ನ ಹತ್ತಿರ ಇರುವುದು ಒಂದು ಲ್ಯಾಪ್‌ಟಾಪ್, ಆಕಾರ ನೋಡಾಕೆ ಐದು ಹಳೇ ಫೋನು, ನಾನೇ ನೇರವಾಗಿ ಹಿಡಿದ ಮೂರು ಗಿರಾಕಿ, ನನ್ನ ಹೆಸರಿರುವ ಮೂರು ಐಕಾನ್, ಹೆಸರಿಲ್ಲದ್ದು ಒಂದು.